ಇಪ್ಪತ್ತೇಳು ಡಿಗ್ರಿ, ಆದ್ರೆ ಯಾವುದರದ್ದು?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಆರಿಸಿಕೊಂಡದ್ದು ಅತ್ಯಂತ ಸುಲಭ ಅನ್ನಿಸಿದ ವಿಷಯ: ಎತ್ತರಕ್ಕೆ ಹೋದ ಹಾಗೆ ಗಾಳಿ ಎಷ್ಟು ತಣ್ಣಗಾಗುತ್ತೆ ಅಂತ ಅಳೆಯೋದು. ಬಿಎಂಪಿ280 ಸೆನ್ಸರ್ ಒಂದು, ಅದಕ್ಕೊಂದು ಪುಟ್ಟ ಬೋರ್ಡ್, ಪವರ್ ಬ್ಯಾಂಕ್, ಎಲ್ಲವನ್ನೂ ಹಾಕೋಕೆ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಈ ಸೆನ್ಸರ್ ಒತ್ತಡ ಮತ್ತು ಉಷ್ಣಾಂಶ ಎರಡನ್ನೂ ಕೊಡುತ್ತೆ. ಒತ್ತಡದಿಂದ ಎತ್ತರ ಲೆಕ್ಕ ಹಾಕಿ, ಉಷ್ಣಾಂಶದ ಜೊತೆ ಗ್ರಾಫ್ ಎಳೆದರೆ ಮುಗೀತು. ಜೊತೆಗೆ ಪ್ರಾಜೆಕ್ಟ್ ಹೆಸರಲ್ಲಿ ಒಂದು ಮುಳ್ಳಯ್ಯನಗಿರಿ ಟ್ರಿಪ್. ನಿಜ ಹೇಳ್ಬೇಕಂದ್ರೆ ವಿಷಯ ಆರಿಸಿದ್ದೇ ಅದಕ್ಕೆ.

ಬೆಳಿಗ್ಗೆ 9:30ಕ್ಕೆ ಚಿಕ್ಕಮಗಳೂರಿನ ಒಂದು ಹೋಟೆಲ್ ಮುಂದೆ, ನೆರಳಲ್ಲಿ, ಸೆನ್ಸರ್ 23.8 ಡಿಗ್ರಿ ತೋರಿಸ್ತಿತ್ತು. ತಿಂಡಿ ತಿಂದು ಹೊರಟು, ಕೊನೆಯ ಮೆಟ್ಟಿಲು ಹತ್ತಿ ತುದಿ ತಲುಪಿದಾಗ ಹನ್ನೊಂದೂವರೆ ಆಗಿತ್ತು. ಗಾಳಿ ಸುಯ್ ಅಂತ ಬೀಸ್ತಿತ್ತು, ನಮ್ಮಲ್ಲಿ ಒಬ್ಬನಿಗೆ ಹಲ್ಲು ಕಟಕಟ. ಡಬ್ಬಿ ನೋಡಿದ್ರೆ 27.5!

"ಸರಿಯಾಗೇ ಇದೆ ಕಣೋ. ಬೆಟ್ಟ ಹತ್ತಿದ್ರೆ ಸೂರ್ಯನಿಗೆ ಹತ್ತಿರ ಆದ್ವಲ್ಲ," ಅಂದ ರೂಮ್‌ಮೇಟ್. ತಮಾಷೆಗೆ ಅಂದನೋ ನಿಜವಾಗಿ ಅಂದನೋ ಇವತ್ತಿಗೂ ಗೊತ್ತಿಲ್ಲ. ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ದೂರ. ನಾವು ಹತ್ತಿದ್ದು ಒಂದು ಕಿಲೋಮೀಟರೂ ಇಲ್ಲ.

ಡಬ್ಬಿಯ ಒತ್ತಡದ ಲೆಕ್ಕ ಮಾತ್ರ ಸರಿಯಾಗಿತ್ತು. ಕೆಳಗೆ 891 ಹೆಕ್ಟೊಪಾಸ್ಕಲ್, ಮೇಲೆ 808. ಇದರಿಂದ ಬರೋ ಎತ್ತರದ ವ್ಯತ್ಯಾಸ ಸುಮಾರು 840 ಮೀಟರ್, ಮ್ಯಾಪ್‌ಗೂ ಅದಕ್ಕೂ ಹೊಂದುತ್ತೆ. ಅಂದ್ರೆ ಸೆನ್ಸರ್ ಸತ್ತಿಲ್ಲ. ಉಷ್ಣಾಂಶ ಮಾತ್ರ ಉಲ್ಟಾ. ತುದಿಯಲ್ಲೇ ಕೂತು ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ರು: "27.5 ಅನ್ನೋದು ಯಾವುದರ ಉಷ್ಣಾಂಶನಪ್ಪಾ? ಗಾಳಿದಾ, ಡಬ್ಬಿದಾ?"

ಫೋನ್ ಇಟ್ಟ ಮೇಲೆ ನಾಚಿಕೆ ಆಯ್ತು. ಕಪ್ಪು ಡಬ್ಬಿ, ನೆತ್ತಿ ಮೇಲೆ ಬಿಸಿಲು, ಒಳಗೆ ಪವರ್ ಬ್ಯಾಂಕ್‌ನ ಕಾವು ಬೇರೆ. ಸೆನ್ಸರ್‌ನ ಹೊರಗೆ ತೆಗೆದು, ವೈರ್ ಹಿಡಿದು, ಗೋಡೆಯ ನೆರಳಲ್ಲಿ ಗಾಳಿಗೆ ತೂಗಾಡಿಸಿದ್ವಿ. ನಂಬರ್ ಇಳೀತಾ ಇಳೀತಾ 11:45ಕ್ಕೆ 19.6ಕ್ಕೆ ಬಂದು ನಿಂತಿತು. ಆದರೆ ಇಷ್ಟು ಸಾಲದು. ನಾವು ಹತ್ತೋ ಹೊತ್ತಿಗೆ ಕೆಳಗಿನ ಊರೂ ಬಿಸಿಯಾಗಿರುತ್ತೆ. ಅದಕ್ಕೇ ವಾಪಸ್ ಇಳಿದು 2 ಗಂಟೆಗೆ ಅದೇ ಹೋಟೆಲ್ ನೆರಳಲ್ಲಿ ಮತ್ತೆ ಅಳೆದ್ವಿ: 27.2. ಎರಡು ಅಳತೆಯ ಸರಾಸರಿ 25.5, ಅದನ್ನು 11:45ರ ಕೆಳಗಿನ ಉಷ್ಣಾಂಶ ಅಂತ ಇಟ್ಟುಕೊಂಡ್ವಿ. 840 ಮೀಟರ್‌ಗೆ 5.9 ಡಿಗ್ರಿ ಇಳಿಕೆ, ಅಂದ್ರೆ ಕಿಲೋಮೀಟರ್‌ಗೆ ಸುಮಾರು 7.

ಪಠ್ಯಪುಸ್ತಕದ ಸರಾಸರಿ 6.5. ತಪ್ಪೊಪ್ಪಿಗೆ ಒಂದಿದೆ: ಫೋನ್ ಮಾಡೋಕೆ ಮುಂಚೆ ನಾನು 27.5ನ್ನು ಅಳಿಸಿ, 6.5ರ ಲೆಕ್ಕದಲ್ಲಿ ಒಂದು ನಂಬರ್ ಬರೆದಾಗಿತ್ತು. ನೋಟ್‌ಬುಕ್‌ನ ಆ ಪುಟದಲ್ಲಿ ರಬ್ಬರ್ ಉಜ್ಜಿದ ಗುರುತು ಈಗಲೂ ಇದೆ.

ಹಾಗಿದ್ರೆ ಬಿಸಿಲು ಮೇಲಿಂದ ಬರುವಾಗ ಮೇಲೇ ಯಾಕೆ ತಣ್ಣಗೆ? ಕಣ್ಣಿಗೆ ಕಾಣುವ ಬೆಳಕನ್ನು ಗಾಳಿ ಹೆಚ್ಚಾಗಿ ತಡೆಯೋದಿಲ್ಲ, ಅದು ನೇರ ಬಂದು ನೆಲಕ್ಕೆ ಬೀಳುತ್ತೆ. ಕಾಯೋದು ನೆಲ. ಒಲೆ ಇರೋದು ನಮ್ಮ ಕಾಲ ಕೆಳಗೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಅದು ಹಿಗ್ಗುತ್ತೆ. ಹಿಗ್ಗಬೇಕಾದ್ರೆ ಸುತ್ತಲಿನ ಗಾಳಿಯನ್ನು ತಳ್ಳಬೇಕು, ಆ ಕೆಲಸಕ್ಕೆ ಬೇಕಾದ ಶಕ್ತಿ ಅದರ ಸ್ವಂತ ಜೇಬಿಂದಲೇ ಹೋಗುತ್ತೆ. ಹೊರಗಿನಿಂದ ಶಾಖ ಬರದಿದ್ದರೆ ಥರ್ಮೊಡೈನಮಿಕ್ಸ್‌ನ ಮೊದಲ ನಿಯಮದಿಂದ ಎರಡೇ ಸಾಲಲ್ಲಿ ಉತ್ತರ ಬರುತ್ತೆ:

```
cp dT = -g dz
dT/dz = -g/cp = -9.8/1005 K/m ≈ -9.8 K/km
```

ಇದು ಒಣ ಗಾಳಿಯ ಲೆಕ್ಕ. ಆವಿ ಇರೋ ಗಾಳಿ ಒಂದು ಎತ್ತರದಲ್ಲಿ ಮೋಡ ಕಟ್ಟೋಕೆ ಶುರು ಮಾಡುತ್ತೆ. ಆವಿ ನೀರಾಗುವಾಗ ಬಿಡುವ ಗುಪ್ತ ಶಾಖ ಗಾಳಿಯ ಜೇಬಿಗೆ ಸ್ವಲ್ಪ ದುಡ್ಡು ವಾಪಸ್ ಹಾಕುತ್ತೆ. ಅದಕ್ಕೇ ಒಟ್ಟು ಸರಾಸರಿ 9.8ರ ಬದಲು 6.5ರ ಹತ್ತಿರ. ನಮ್ಮ 7 ಇವೆರಡರ ನಡುವೆ ಬಿದ್ದಿತ್ತು. ಬೆಟ್ಟದ ಬಂಡೆಯೂ ಬಿಸಿಲಿಗೆ ಕಾದು ಪಕ್ಕದ ಗಾಳಿಯನ್ನು ಬಿಸಿ ಮಾಡುತ್ತೆ, ಹಾಗಾಗಿ ಬೆಟ್ಟದ ಅಳತೆಯನ್ನು ಬಯಲಾಕಾಶದ ಅಳತೆ ಅಂತ ಹೇಳ್ಕೊಳ್ಳೋ ಹಾಗಿಲ್ಲ.

ರಿವ್ಯೂಗೆ ಇಷ್ಟು ಸಾಕಾಗಿತ್ತು. ಆದ್ರೆ ರಿಪೋರ್ಟ್ ಬರೆಯುವಾಗ ಮೇಡಂ ಕೇಳಿದ ಪ್ರಶ್ನೆಯನ್ನೇ ನೂರು ವರ್ಷಕ್ಕೂ ಹಿಂದೆ ಒಬ್ಬ ಫ್ರೆಂಚ್ ಹವಾಮಾನ ವಿಜ್ಞಾನಿ ತನಗೆ ತಾನೇ ಕೇಳಿಕೊಂಡಿದ್ದ ಅಂತ ಗೊತ್ತಾಯ್ತು. ಹೆಸರು ಲಿಯಾನ್ ಟೆಸರಾಂಕ್ ದ ಬೋರ್. ಪ್ಯಾರಿಸ್ ಹತ್ತಿರದ ಟ್ರಾಪ್ ಎಂಬಲ್ಲಿಂದ ಆತ ಹೈಡ್ರೋಜನ್ ಬಲೂನುಗಳಿಗೆ ತಾನೇ ಬರೆದುಕೊಳ್ಳುವ ಉಷ್ಣಮಾಪಕ ಕಟ್ಟಿ ಹಾರಿಸುತ್ತಿದ್ದ. ಬಲೂನು ಎಲ್ಲೋ ಬೀಳುತ್ತಿತ್ತು, ಸಿಕ್ಕ ಉಪಕರಣದ ಗೆರೆ ಓದಬೇಕಿತ್ತು. ಮೇಲೆ ಮೇಲೆ ಹೋದಷ್ಟೂ ಚಳಿ ಹೆಚ್ಚುತ್ತಲೇ ಹೋಗುತ್ತೆ ಅಂತ ಆಗ ಎಲ್ಲರ ನಂಬಿಕೆ. ಆದರೆ 11 ಕಿಲೋಮೀಟರ್ ಸುತ್ತ ಆತನ ಗೆರೆ ಇಳಿಯೋದನ್ನೇ ನಿಲ್ಲಿಸುತ್ತಿತ್ತು!

ಮೊದಲ ಅನುಮಾನ ಬಿಸಿಲಿನ ಮೇಲೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಉಪಕರಣವನ್ನು ತಣ್ಣಗಿಡೋಕೆ ಅದಕ್ಕೆ ತಾಕತ್ತಿಲ್ಲ, ಆದರೆ ಬಿಸಿಲು ಪ್ರಖರ. ನಮ್ಮ ಕಪ್ಪು ಡಬ್ಬಿಯದೇ ಕಾಯಿಲೆ. ಅದನ್ನು ಬಗೆಹರಿಸೋಕೆ ಆತ ಬಲೂನುಗಳನ್ನು ರಾತ್ರಿ ಹಾರಿಸಿದ. ಸೂರ್ಯನೇ ಇಲ್ಲದಾಗಲೂ ಗೆರೆ ಅಲ್ಲೇ ನಿಂತಿತು. ಇನ್ನೂರಕ್ಕೂ ಹೆಚ್ಚು ಬಲೂನುಗಳಾದ ಮೇಲೆ, 1902ರ ಏಪ್ರಿಲ್‌ನಲ್ಲಿ, ವಿಷಯವನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಕೆಲವೇ ದಿನಗಳಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಆಸ್ಮನ್ ತನ್ನ ಬಲೂನುಗಳಿಂದ ಅದನ್ನೇ ಹೇಳಿದ. ಕೆಳಗಿನ ಕಲಕಾಟದ ಪದರಕ್ಕೆ ಟ್ರೋಪೋಸ್ಫಿಯರ್, ಮೇಲಿನದಕ್ಕೆ ಸ್ಟ್ರಾಟೋಸ್ಫಿಯರ್ ಅನ್ನೋ ಹೆಸರು ಕೊಟ್ಟವನೂ ದ ಬೋರನೇ.

ಬೆಂಗಳೂರಿನ ಮೇಲೂ ಇದನ್ನು ನೋಡಬಹುದು. ಹವಾಮಾನ ಇಲಾಖೆ ಹಾರಿಸುವ ರೇಡಿಯೊಸಾಂಡ್ ಬಲೂನುಗಳ ದತ್ತಾಂಶ ವಯೋಮಿಂಗ್ ವಿಶ್ವವಿದ್ಯಾಲಯದ ಪುಟದಲ್ಲಿ ಎಲ್ಲರಿಗೂ ಸಿಗುತ್ತೆ. ತೆರೆದು ನೋಡಿದಾಗ ನಂಗೆ ಆಶ್ಚರ್ಯ ಆಗಿದ್ದು ಒಂದು ವಿಷಯಕ್ಕೆ. ಪ್ಯಾರಿಸ್ ಮೇಲೆ ಇಳಿಕೆ 11 ಕಿಲೋಮೀಟರ್‌ಗೆ, ಮೈನಸ್ 55ರ ಆಸುಪಾಸಿಗೆ ನಿಂತರೆ, ನಮ್ಮ ತಲೆಯ ಮೇಲೆ ಅದು 16-17 ಕಿಲೋಮೀಟರ್‌ವರೆಗೆ, ಮೈನಸ್ 80ರ ಹತ್ತಿರಕ್ಕೆ ಹೋಗುತ್ತೆ. ಬಿಸಿ ನೆಲದ ಮೇಲಿನ ಗಾಳಿ ಹೆಚ್ಚು ಎತ್ತರಕ್ಕೆ ಏರುತ್ತೆ, ಆದ್ದರಿಂದ ಹೆಚ್ಚು ಹಿಗ್ಗಿ ಹೆಚ್ಚು ತಣ್ಣಗಾಗುತ್ತೆ. ಸೆಕೆ ಅಂತ ಫ್ಯಾನ್ ಹಾಕ್ಕೊಂಡು ಮಲಗೋ ನಮ್ಮ ಮೇಲೆ, ಆ ಎತ್ತರದಲ್ಲಿ, ಯುರೋಪಿನ ಮೇಲಿಗಿಂತ ಹೆಚ್ಚು ಚಳಿ.

ಅಲ್ಲಿಂದ ಮುಂದೆ ಗಾಳಿ ಬಿಸಿಯಾಗ್ತಾ ಹೋಗುತ್ತೆ, ಯಾಕಂದ್ರೆ ಅಲ್ಲಿ ಇನ್ನೊಂದು ಒಲೆ ಇದೆ: ಓಝೋನ್. ಕಾಣುವ ಬೆಳಕನ್ನು ಬಿಟ್ಟುಬಿಡುವ ಗಾಳಿ, ನೇರಳಾತೀತ ಕಿರಣವನ್ನು ಇಲ್ಲಿ ಹಿಡಿದುಕೊಂಡು ಶಾಖ ಮಾಡುತ್ತೆ. ಕೆಳಗೆ ತಣ್ಣನೆಯ, ಭಾರದ ಗಾಳಿ, ಮೇಲೆ ಬಿಸಿ, ಹಗುರ ಗಾಳಿ. ಹೀಗಿದ್ದಾಗ ಏರುವ ಗಾಳಿ ಅಲ್ಲೇ ತಡೆದು ನಿಲ್ಲುತ್ತೆ. ಏಪ್ರಿಲ್-ಮೇ ಸಂಜೆ ದೂರದ ಗುಡುಗು ಮೋಡದ ನೆತ್ತಿ ಬಡಗಿ ಹತ್ತರಿ ಹಿಡಿದ ಹಾಗೆ ಸಮತಟ್ಟಾಗಿ ಅಗಲವಾಗಿರೋದು ನೋಡಿರ್ತೀರಿ. ಮೋಡ ತಲೆ ತಾಗಿಸಿಕೊಂಡ ಆ ಸೂರೇ ಟ್ರೋಪೋಪಾಸ್.

ಇಲ್ಲಿ ನಾನು ಒಂದು ದಿನವಿಡೀ ಸಿಕ್ಕಿಹಾಕ್ಕೊಂಡೆ. ಓಝೋನ್ ದಟ್ಟವಾಗಿರೋದು 25 ಕಿಲೋಮೀಟರ್ ಸುತ್ತ. ಹಾಗಿದ್ರೆ ಅಲ್ಲೇ ಅತಿ ಬಿಸಿ ಇರ್ಬೇಕಲ್ವಾ? ಆದರೆ ಉಷ್ಣಾಂಶದ ಶಿಖರ ಇರೋದು 50 ಕಿಲೋಮೀಟರ್‌ನಲ್ಲಿ, ಸೊನ್ನೆ ಡಿಗ್ರಿ ಆಸುಪಾಸು. ಉತ್ತರ ಹಂಚಿಕೆಯಲ್ಲಿದೆ. ಮೇಲಿಂದ ಬರುವ ನೇರಳಾತೀತ ಕಿರಣಕ್ಕೆ ಮೊದಲು ಸಿಗೋದು ಮೇಲಿನ ಓಝೋನ್. ಮೇಲಾಗಿ 50 ಕಿಲೋಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ನೆಲದ ಮಟ್ಟದ ಸುಮಾರು ಸಾವಿರದ ಒಂದು ಪಾಲು. ಹಿಡಿದ ಶಾಖ ಸ್ವಲ್ಪವೇ ಆದ್ರೂ ಅದನ್ನು ಹಂಚಿಕೊಳ್ಳೋರು ಇನ್ನೂ ಕಡಿಮೆ. ಒಂದು ಲೋಟ ನೀರೂ ಒಂದು ಬಕೆಟ್ ನೀರೂ ಒಂದೇ ಒಲೆ ಮೇಲಿದ್ದ ಹಾಗೆ.

ಅದರ ಮೇಲೆ ಮೀಸೋಸ್ಫಿಯರ್. ಓಝೋನ್ ಮುಗೀತಾ ಬರುತ್ತೆ, ಇಂಗಾಲದ ಡೈಆಕ್ಸೈಡ್ ಇದ್ದ ಶಾಖವನ್ನು ಅವಕೆಂಪು ಕಿರಣವಾಗಿ ಆಕಾಶಕ್ಕೆ ಸುರಿಯುತ್ತೆ. ಕೆಳಗೆ ಭೂಮಿಯನ್ನು ಬೆಚ್ಚಗಿಡುವ ಅದೇ ಅನಿಲ ಇಲ್ಲಿ ತಂಪು ಮಾಡುತ್ತೆ, ಯಾಕಂದ್ರೆ ಅದು ಬಿಟ್ಟ ಕಿರಣವನ್ನು ಮತ್ತೆ ಹಿಡಿಯೋಕೆ ಮೇಲೆ ಹೆಚ್ಚೇನೂ ಉಳಿದಿಲ್ಲ. 85-90 ಕಿಲೋಮೀಟರ್‌ಗೆ ಬಂದಾಗ ಸುಮಾರು ಮೈನಸ್ 90.

ಆಮೇಲೆ ಮೂರನೇ ಒಲೆ, ಥರ್ಮೋಸ್ಫಿಯರ್. ಇಲ್ಲಿ ಆಮ್ಲಜನಕ, ಸಾರಜನಕಗಳೇ ಸೂರ್ಯನ ಅತಿ ಕಿರು ಅಲೆಯ ಕಿರಣಗಳನ್ನು ನುಂಗುತ್ತವೆ. ಸೂರ್ಯನ ಚಟುವಟಿಕೆ ನೋಡಿಕೊಂಡು ಉಷ್ಣಾಂಶ 1000 ಡಿಗ್ರಿ ದಾಟೋದೂ ಉಂಟು. ರಿವ್ಯೂ ದಿನ ಈ ನಂಬರ್ ಸ್ಲೈಡ್ ಮೇಲೆ ಬಂದ ತಕ್ಷಣ ಹಿಂದಿನ ಬೆಂಚಿಂದ ಪ್ರಶ್ನೆ ಬಂತು: "ಸಾವಿರ ಡಿಗ್ರಿ ಇದ್ರೆ 400 ಕಿಲೋಮೀಟರ್‌ನಲ್ಲಿರೋ ಬಾಹ್ಯಾಕಾಶ ನಿಲ್ದಾಣ ಕರಗಲ್ವಾ?"

ಮೇಡಂ ನನ್ನ ಕಡೆ ನೋಡಿದ್ರು. ನಾನು ಅವರ ಪ್ರಶ್ನೆಯನ್ನೇ ತಿರುಗಿಸಿದೆ: ಸಾವಿರ ಡಿಗ್ರಿ ಯಾವುದರದ್ದು? ಅದು ಅಣುಗಳ ವೇಗದ ಲೆಕ್ಕ. ಒಂದೊಂದು ಅಣುವೂ ಭಯಂಕರ ವೇಗದಲ್ಲಿ ಓಡ್ತಿದೆ ನಿಜ, ಆದ್ರೆ ಅವು ಎಷ್ಟು ವಿರಳ ಅಂದ್ರೆ ಬಂದು ಬಡಿದು ಕೊಡುವ ಶಾಖ ಲೆಕ್ಕಕ್ಕೇ ಬರಲ್ಲ. ಅಲ್ಲಿ ಮಾಮೂಲಿ ಥರ್ಮಾಮೀಟರ್ ಹೊರಗಿಟ್ಟರೆ ಅದು ಬಿಸಿಲಿಂದ ಪಡೆದದ್ದಕ್ಕೂ ತಾನೇ ಸೂಸಿ ಕಳೆದುಕೊಂಡದ್ದಕ್ಕೂ ಸರಿಹೊಂದಿದ ಉಷ್ಣಾಂಶ ತೋರಿಸುತ್ತೆ. ನೆರಳಲ್ಲಿ ಸೊನ್ನೆಗಿಂತ ಬಹಳ ಕೆಳಗೆ, ಬಿಸಿಲಲ್ಲಿ ಬಹಳ ಮೇಲೆ. ಗಾಳಿಯದ್ದಲ್ಲ, ಡಬ್ಬಿಯದ್ದು.

"ನೋಟ್‌ಬುಕ್ ಕೊಡಿ," ಅಂದ್ರು ಮೇಡಂ. ರಬ್ಬರ್ ಉಜ್ಜಿದ ಪುಟ ಅವರಿಗೆ ಕಂಡಿತು. ಅದರ ಪಕ್ಕದಲ್ಲಿ ನಾನೇ ಆಮೇಲೆ ಪೆನ್ನಲ್ಲಿ 27.5 ಅಂತ ಮತ್ತೆ ಬರೆದು, "ಕಪ್ಪು ಡಬ್ಬಿ, ಬಿಸಿಲಲ್ಲಿ" ಅಂತ ಸೇರಿಸಿದ್ದೆ. ಓದಿ, ಏನೂ ಹೇಳದೆ ಸಹಿ ಹಾಕಿದ್ರು. ಡಬ್ಬಿ ಈಗ ರೂಮಲ್ಲಿದೆ, ರೂಮ್‌ಮೇಟ್ ಅದರಲ್ಲಿ ಅವಲಕ್ಕಿ ಇಟ್ಕೊಂಡಿದ್ದಾನೆ.