ಹೃದಯದ ಚಿತ್ರದಲ್ಲಿ ಎಡಬಲ

ಕನ್ನಡಿಯ ಮುಂದೆ ನಿಂತಾಗ ನಮ್ಮ ಎಡಗೈಯು ನಮ್ಮ ಎಡಕ್ಕೇ ಕಾಣುವದು. ಎದುರಿಗೆ ಬಂದು ಕುಳಿತವನ ಎಡಗೈಯಾದರೋ ನಮ್ಮ ಬಲಕ್ಕೆ ಬೀಳುವದು. ಶರೀರಶಾಸ್ತ್ರದ ಪುಸ್ತಕಗಳಲ್ಲಿಯ ಹೃದಯವು ಎದುರಿಗೆ ಕುಳಿತವನ ಹೃದಯ. ಆದುದರಿಂದ ಅದರ ಎಡಭಾಗವು ಹಾಳೆಯ ಬಲಕ್ಕೂ ಬಲಭಾಗವು ಹಾಳೆಯ ಎಡಕ್ಕೂ ಇರುವದು. ಹೆಸರುಗಳನ್ನು ಅಚ್ಚು ಮಾಡಿದ ಚಿತ್ರದಲ್ಲಿ ಇದರಿಂದ ಯಾರಿಗೂ ತೊಡಕಿಲ್ಲ. ಹೆಸರುಗಳನ್ನು ಅಳಿಸಿ ಬರಿಯ ಗೆರೆಗಳನ್ನುಳಿಸಿದ ಚಿತ್ರದಲ್ಲಿ ಇದೇ ಮೊದಲನೆಯ ತೊಡಕು.

ಬ್ಯಾಡಗಿಯಲ್ಲಿ ಹತ್ತನೆಯ ಇಯತ್ತೆಯನ್ನೋದುವ ಹುಡುಗಿಯೊಬ್ಬಳಿಗೆ ಪರೀಕ್ಷೆಯ ಹಿಂದಿನ ವಾರ ರಾಣೆಬೆನ್ನೂರಿನ ಗೆಳತಿಯಿಂದ ಮೊಬೈಲಿನಲ್ಲಿ ಒಂದು ಹಾಳೆಯ ಫೋಟೋ ಬಂದಿತು. ಅದರಲ್ಲಿದ್ದುದು ಹೃದಯದ ನೀಳಛೇದದ ಚಿತ್ರ. ಬಣ್ಣವಿಲ್ಲ, ಹೆಸರಿಲ್ಲ, ಎಂಟು ಗೆರೆಗಳು ಮಾತ್ರ ಹೊರಚಾಚಿದ್ದವು. ಹಾಳೆಯ ಎಡವೇ ಹೃದಯದ ಬಲವೆಂದು ಕಲಿತಿದ್ದ ಅವಳು ಆ ಸೂತ್ರದಂತೆ ಎಂಟೂ ಹೆಸರುಗಳನ್ನು ಬರೆದು, ಹಾವೇರಿಯಲ್ಲಿದ್ದ ಸೋದರಮಾವನಿಗೆ ಕಳಿಸಿದಳು. ವಿಜ್ಞಾನವನ್ನು ಕಲಿಸಿ ನಿವೃತ್ತರಾಗಿದ್ದ ಅವರು ಕೇಳಿದ ಪ್ರಶ್ನೆ ಒಂದೇ: “ನೋಡವ್ವಾ, ಮೈತುಂಬ ರಕ್ತ ನೂಕೋ ಕೋಣಿ ಗೋಡಿ ದಪ್ಪ ಇರಬೇಕೋ, ತೆಳ್ಳಗೋ?”

ಹುಡುಗಿಯು ಚಿತ್ರವನ್ನು ಮತ್ತೆ ನೋಡಿದಳು. ಕೆಳಗಿನ ಎರಡು ಕೋಣೆಗಳಲ್ಲಿ ಹಾಳೆಯ ಎಡಕ್ಕಿದ್ದುದರ ಗೋಡೆಯೇ ದಪ್ಪವಾಗಿತ್ತು. ಅವಳು ಅದಕ್ಕೆ ಬಲ ಹೃತ್ಕುಕ್ಷಿಯೆಂದು ಬರೆದಿದ್ದಳು. ಬಲ ಹೃತ್ಕುಕ್ಷಿಯು ರಕ್ತವನ್ನು ಪಕ್ಕದಲ್ಲೇ ಇರುವ ಪುಪ್ಪುಸಗಳಿಗೆ ಮಾತ್ರ ಕಳಿಸತಕ್ಕದ್ದು. ಎಡ ಹೃತ್ಕುಕ್ಷಿಯಾದರೋ ನೆತ್ತಿಯಿಂದ ಅಂಗಾಲಿನ ವರೆಗೆ ನೂಕಬೇಕು. ಅದಕ್ಕಾಗಿಯೇ ದೊಡ್ಡವರಲ್ಲಿ ಎಡಗೋಡೆಯು ಬಲಗೋಡೆಯ ಸುಮಾರು 3 ಪಟ್ಟು ದಪ್ಪವಾಗಿರುವದು. ಅವಳ ಉತ್ತರದಲ್ಲಿಯೇ ಇನ್ನೊಂದು ಸಾಕ್ಷಿಯಿತ್ತು. ಕಮಾನಿನಂತೆ ಬಾಗಿ ಮೇಲೆ ಮೂರು ಕವಲೊಡೆದ ನಾಳವನ್ನು ಅವಳು ಮಹಾಪಧಮನಿಯೆಂದು ಸರಿಯಾಗಿಯೇ ಗುರುತಿಸಿದ್ದಳು. ಆದರೆ ಅದು ಹೊರಟದ್ದು ಅವಳು ಬಲವೆಂದು ಬರೆದ ಕೋಣೆಯಿಂದ! ಎರಡೂ ಏಕಕಾಲಕ್ಕೆ ನಿಜವಾಗಿರಲಾರವು.

ಹಾಗಾದರೆ ಸೂತ್ರವೇ ಸುಳ್ಳೇ? ಸುಳ್ಳಲ್ಲ; ಫೋಟೋ ಮಗುಚಿತ್ತು. ಗೆಳತಿಯು ಮೊಬೈಲಿನ ಮುಂಗಡೆಯ ಕ್ಯಾಮರಾದಿಂದ ತೆಗೆದಿದ್ದಳು. ಕೆಲವು ಮೊಬೈಲುಗಳು ಅಂಥ ಫೋಟೋಗಳನ್ನು ಕನ್ನಡಿಯಲ್ಲಿ ಕಂಡಂತೆಯೇ ಉಳಿಸಿಕೊಳ್ಳುವವು. ಹಾಳೆಯಲ್ಲಿ ಅಕ್ಷರಗಳಿದ್ದರೆ ಅವು ತಿರುಗುಮುರುಗಾಗಿ ಕಂಡು ಗುಟ್ಟು ಬಯಲಾಗುತ್ತಿತ್ತು. ಇಲ್ಲಿ ಅವೇ ಇರಲಿಲ್ಲ. ತಲೆಕೆಳಗಾದ ಫೋಟೋಕ್ಕೂ ಮಗುಚಿದ ಫೋಟೋಕ್ಕೂ ಇರುವ ಭೇದವನ್ನು ಹೀಗೆ ಅರಿಯಬಹುದು: ದೊಡ್ಡ ನಾಳಗಳು ಮೇಲಕ್ಕೂ ಹೃದಯದ ಮೊನೆಯು ಕೆಳಕ್ಕೂ ಬರುವಂತೆ ಚಿತ್ರವನ್ನು ತಿರುಗಿಸಬೇಕು. ಆಗ ಮೊನೆಯು ನೋಡುವವರ ಬಲಕ್ಕೆ ವಾಲಿದರೆ ಚಿತ್ರವು ನೆಟ್ಟಗಿದೆ. ಎಡಕ್ಕೆ ವಾಲಿದರೆ ಮಗುಚಿದೆ, ಎಷ್ಟು ತಿರುಗಿಸಿದರೂ ಅದು ಸರಿಯಾಗದು.

ಮಗುಚಿದರೂ ದಪ್ಪಗೋಡೆಯು ದಪ್ಪಗೋಡೆಯೇ. ಆದುದರಿಂದ ಹೆಸರಿಡುವದನ್ನು ಹಾಳೆಯ ಎಡಬಲದಿಂದ ತೊಡಗದೆ ಆ ಗೋಡೆಯಿಂದ ತೊಡಗುವದು ಕ್ಷೇಮ. ದಪ್ಪ ಕೋಣೆಯಿಂದ ಹೊರಡುವದು ಮಹಾಪಧಮನಿ. ತೆಳು ಕೋಣೆಯಿಂದ ಹೊರಟು ಇಬ್ಭಾಗವಾಗುವದು ಪುಪ್ಪುಸ ಅಪಧಮನಿ. ತೆಳು ಕೋಣೆಯ ಮೇಲಿನ ಬಲ ಹೃತ್ಕರ್ಣಕ್ಕೆ ಮೇಲಿನಿಂದೊಂದು, ಕೆಳಗಿನಿಂದೊಂದು ಮಹಾ ಅಭಿಧಮನಿಗಳು ಬಂದು ಸೇರುವವು. ದಪ್ಪ ಕೋಣೆಯ ಮೇಲಿನ ಎಡ ಹೃತ್ಕರ್ಣಕ್ಕೆ ಪುಪ್ಪುಸಗಳಿಂದ ಸಣ್ಣ ಅಭಿಧಮನಿಗಳು ಬರುವವು. ರಕ್ತದ ಬಣ್ಣವನ್ನು ನೆನೆದು ನಾಳಕ್ಕೆ ಹೆಸರಿಡಬಾರದು. ಪುಪ್ಪುಸ ಅಪಧಮನಿಯಲ್ಲಿ ಹರಿಯುವದು ಆಮ್ಲಜನಕ ಕಡಿಮೆಯಾದ ರಕ್ತವೇ. ಹಾವೇರಿಗೆ ಹೋಗುವ ಬಸ್ಸು ತುಂಬಿರಲಿ ಬರಿದಿರಲಿ, ಅದು ಹಾವೇರಿಯ ಬಸ್ಸೇ. ಹಾಗೆಯೇ ಹೃದಯದಿಂದ ಹೊರಡುವದು ಅಪಧಮನಿ, ಹೃದಯಕ್ಕೆ ಬರುವದು ಅಭಿಧಮನಿ.

ಕವಾಟಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಲಗಡೆಯ ಕವಾಟಕ್ಕೆ ಮೂರು ದಳ, ಎಡಗಡೆಯದಕ್ಕೆ ಎರಡು ದಳವೆಂಬುದು ನಿಜ. ಆದರೆ ಸೀಳಿದ ಚಿತ್ರದಲ್ಲಿ ಮೂರನೆಯ ದಳವು ಸಾಮಾನ್ಯವಾಗಿ ಕಾಣಿಸದೆ, ಎರಡೂ ಕಡೆಗೆ ಎರಡೆರಡೇ ತೋರುವವು. ದಳಗಳನ್ನೆಣಿಸಿ ಹೆಸರಿಡಹೊರಟವರು ಇಲ್ಲಿ ಮೋಸಹೋಗುವರು. ಕವಾಟವು ಯಾವ ಎರಡು ಕೋಣೆಗಳ ನಡುವೆ ಇದೆಯೆಂಬುದನ್ನೇ ನೋಡಬೇಕು.

1628ರಲ್ಲಿ ವಿಲಿಯಂ ಹಾರ್ವೆಯು ರಕ್ತದ ಪರಿಚಲನೆಯನ್ನು ಸಾರಿದಾಗ, ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುವವೆಂಬುದು ಅವನ ವಾದದ ಒಂದು ಮುಖ್ಯ ಆಧಾರವಾಗಿತ್ತು. ಬರೆದ ಹೆಸರುಗಳನ್ನು ಪರೀಕ್ಷಿಸುವದಕ್ಕೂ ಅದೇ ದಾರಿ. ಮಹಾ ಅಭಿಧಮನಿಯಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸ ಅಪಧಮನಿ. ಪುಪ್ಪುಸಗಳನ್ನು ಹಾಯ್ದು ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ—ಹೀಗೆ ಒಂದು ಹನಿ ರಕ್ತದ ಹಿಂದೆ ಬೆರಳಿಡುತ್ತ ಹೋಗಬೇಕು. ಬೆರಳು ಎಲ್ಲಿ ಗೋಡೆಗೆ ತಗಲಿ ನಿಲ್ಲುವದೋ, ತಪ್ಪು ಹೆಸರು ಅಲ್ಲಿಯೇ ಇರುವದು.