‘ರಾಜ್ಯ’ ಅಂದ್ರೆ ಕರ್ನಾಟಕನಾ ಚಿಕ್ಕಮ್ಮ?

ಅಕ್ಕನ ಮಗಳು ಏಳನೇ ಕ್ಲಾಸು. ಅವಳ ಪೌರನೀತಿ ಪಾಠ ಸರಳ ಮಾಡಿಕೊಡೋದು ಮನೆಯಲ್ಲಿ ನನ್ನ ಪಾಲಿಗೆ ಬಂದಿರೋ ಕೆಲಸ. ಈ ಸಲ ಸಿಕ್ಕಿದ್ದು ಸಂವಿಧಾನದ 19ನೇ ವಿಧಿ. ‘ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವಿದ್ದು, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ ಮುಂತಾದ ಕಾರಣಗಳಿಗಾಗಿ ರಾಜ್ಯವು ಕಾನೂನಿನ ಮೂಲಕ ಯುಕ್ತ ನಿರ್ಬಂಧಗಳನ್ನು ವಿಧಿಸಬಹುದು’ ಅನ್ನೋ ಅರ್ಥದ ಉದ್ದ ವಾಕ್ಯ.

ಅವಳ ಗೈಡ್‌ನಲ್ಲಿ ಇದು ಒಂದೇ ಸಾಲಾಗಿತ್ತು: ‘ಬೇರೆಯವರಿಗೆ ನೋವಾಗದಂತೆ ಏನು ಬೇಕಾದರೂ ಮಾತಾಡಬಹುದು.’ ಓದೋಕೆ ಚೆನ್ನಾಗಿದೆ. “ಹಾಗಾದ್ರೆ ರಸ್ತೆ ಗುಂಡಿ ಬಗ್ಗೆ ಬರೆದು ಮಂತ್ರಿಗೆ ಬೇಜಾರಾದ್ರೆ ನಿಲ್ಲಿಸಬಹುದಾ?” ಅಂತ ಕೇಳಿದೆ. “ಹೌದು, ನೋವಾಯ್ತಲ್ಲ” ಅಂದಳು. ಸಂವಿಧಾನ ಹಾಗೆ ಹೇಳಿಲ್ಲ. ನಿರ್ಬಂಧಕ್ಕೆ ಅದು ಪಟ್ಟಿ ಮಾಡಿರೋದು ಎಂಟು ಕಾರಣ. ಮನಸ್ಸಿಗೆ ನೋವಾಗೋದು ಅದರಲ್ಲಿಲ್ಲ. ಸರಳ ಮಾಡಿದ ಸಾಲು ಕೆಟ್ಟಿದೆಯಾ ಅಂತ ನೋಡೋಕೆ ಇಂಥ ಒಂದು ಪ್ರಶ್ನೆ ಸಾಕು. ಮೂಲಕ್ಕೂ ಸರಳ ರೂಪಕ್ಕೂ ಉತ್ತರ ಒಂದೇ ಬರಬೇಕು.

ಕಠಿಣ ಪದಗಳಿಗಿಂತ ತೊಂದರೆ ಕೊಟ್ಟಿದ್ದು ಸುಲಭವಾಗಿ ಕಾಣೋ ‘ರಾಜ್ಯ’. ಅವಳ ಪ್ರಕಾರ ಅದು ಕರ್ನಾಟಕ. 12ನೇ ವಿಧಿಯಲ್ಲಿ ಈ ಪದಕ್ಕೆ ಕೇಂದ್ರ, ರಾಜ್ಯ ಸರ್ಕಾರಗಳು, ಸಂಸತ್ತು, ಶಾಸಕಾಂಗ, ಪಂಚಾಯಿತಿವರೆಗೂ ಅರ್ಥವಿದೆ. ಅದಕ್ಕೇ ‘ಸರ್ಕಾರ’ ಅಂತ ಬರೆದು, ಯಾವ ಸರ್ಕಾರ ಆದರೂ ಸರಿ ಅಂತ ಬಾಯಲ್ಲಿ ಹೇಳಿದೆ.

‘ಯುಕ್ತ’ವನ್ನಂತೂ ಕೈಬಿಡೋ ಹಾಗಿಲ್ಲ. 1950ರಲ್ಲಿ ಈ ಭಾಗದಲ್ಲಿ ಆ ಪದ ಇರಲೇ ಇಲ್ಲ, 1951ರ ಮೊದಲ ತಿದ್ದುಪಡಿ ಅದನ್ನು ಸೇರಿಸಿತು. ನಿರ್ಬಂಧ ಅತಿಯಾಯ್ತಾ ಅಂತ ಕೋರ್ಟು ತೂಗಿ ನೋಡೋದು ಅದೇ ಪದದ ಮೇಲೆ.

ಕೊನೆಗೆ ಹೀಗೆ ಬರೆದೆ: ‘ಭಾರತದ ನಾಗರಿಕರಿಗೆ ತಮ್ಮ ಅಭಿಪ್ರಾಯ ಹೇಳುವ, ಬರೆಯುವ ಹಕ್ಕಿದೆ. ಸರ್ಕಾರ ಇದಕ್ಕೆ ಮಿತಿ ಹಾಕಬಹುದು, ಆದರೆ ಕಾನೂನಿನ ಮೂಲಕ ಮಾತ್ರ. ಸಂವಿಧಾನ ಪಟ್ಟಿ ಮಾಡಿರುವ ಕಾರಣಗಳಿಗೆ ಮಾತ್ರ ಮಿತಿ ಹಾಕಬಹುದು. ಗಲಭೆ ತಡೆಯುವುದು, ಒಬ್ಬರ ಹೆಸರು ಕೆಡಿಸುವುದನ್ನು ತಡೆಯುವುದು ಅಂಥ ಎರಡು ಕಾರಣಗಳು. ಮಿತಿ ಅತಿಯಾಗಬಾರದು. ಅತಿಯಾಯಿತು ಅನ್ನಿಸಿದರೆ ಕೋರ್ಟಿಗೆ ಹೋಗಬಹುದು.’

ಮೂಲಕ್ಕಿಂತ ಉದ್ದ ಆಯ್ತು, ಆಗಲಿ. ಒಂದು ವಾಕ್ಯಕ್ಕೆ ಒಂದೇ ವಿಷಯ ಇದ್ದರೆ ಮಕ್ಕಳಿಗೆ ಉದ್ದ ಭಾರ ಅನ್ನಿಸಲ್ಲ.

ಅಕ್ಕ ಅಡುಗೆಮನೆಯಿಂದಲೇ, “ನಾಗರಿಕರು ಯಾಕೆ, ಎಲ್ಲರಿಗೂ ಅಂತ ಬರಿಯೇ” ಅಂದಳು. ಬರೆಯಲಿಲ್ಲ. 14ನೇ ವಿಧಿಯ ಸಮಾನತೆ, 21ನೇ ವಿಧಿಯ ಜೀವದ ಹಕ್ಕು ಇಲ್ಲಿರುವ ವಿದೇಶಿಯರಿಗೂ ಉಂಟು. 19ನೇದು ನಾಗರಿಕರಿಗೆ ಮಾತ್ರ.