ಕೇಸರ ಮಾವು ಬಂದಾವ್ರಿ, ಈ ಸಲ ಮುಂಗಡ ಕೊಟ್ಟವರಿಗಷ್ಟ ಹರಿತೀನಿ

ನಮ್ಮ ತೋಟದ ಕೇಸರ ಮಾವು ಬಲಿತಾವು. ತೊಟ್ಟಿನ ಎರಡೂ ಕಡೆ ಕಾಯಿ ಹೆಗಲು ಉಬ್ಬೈತಿ, ನೀರಿನ ಬಕೆಟ್‌ನಾಗ ಹಾಕಿದ್ರ ಮುಳುಗ್ತಾವು. ಮೊದಲನೇ ಕೊಯ್ಲು 4 ಕ್ವಿಂಟಲ್, ಅಂದ್ರ 5 ಕೆ.ಜಿ.ಯ 80 ಬಾಕ್ಸ್. ಬಾಕ್ಸಿಗೆ 450 ರೂಪಾಯಿ. ಸೊನೆ ಬಿದ್ದು ಕಲೆ ಆದ ಕಾಯಿ ಬ್ಯಾರೆ ಇಟ್ಟು, ಕೆ.ಜಿ.ಗೆ 50ರಂಗ ತೋಟದಾಗ ಕೊಡ್ತೀನಿ.

ಹೋದ ವರ್ಷ ಏನಾತು ಅಂತ ಹೇಳ್ಬೇಕು, ನೀವೂ ನೇರ ಮಾರೋರಿದ್ರ ಉಪಯೋಗಕ್ಕ ಬರ್ತದ. ಫೋನಿನಾಗ ಹೇಳಿದ್ದನ್ನ ನಂಬಿ 60 ಬಾಕ್ಸಿನ ಕಾಯಿ ಹರಿದು, ಅಡಿ ಹಾಕಿ, ಹಣ್ಣು ಮಾಡಿ ಇಟ್ಟಿದ್ದೆ. ಹೋಗಿದ್ದು 42. ಹಣ್ಣಾದ ಮಾವು ಆ ಬಿಸಿಲಿಗೆ ಎರಡು ದಿನ ಕಾಯೋದಿಲ್ಲ. ಉಳಿದ 18 ಬಾಕ್ಸ್ 200ಕ್ಕ ಕೊಟ್ಟೆ, 4,500 ರೂಪಾಯಿ ಹೋತು. ಒಬ್ಬರು ಎರಡು ಬಾಕ್ಸ್ ಒಯ್ದು ಸ್ಕ್ರೀನ್‌ಶಾಟ್ ತೋರ್ಸಿದ್ರು, ಸಂಜೀಕ ನೋಡಿದ್ರ ಖಾತೆಗೆ ರೊಕ್ಕನ ಬಂದಿಲ್ಲ. ಅದು 900.

ತಪ್ಪು ನಂದ ಇತ್ತು. ಗಿಡದಾಗಿನ ಬಲಿತ ಕಾಯಿ ಇನ್ನೂ ನಾಲ್ಕು ದಿನ ತಡೀತದ, ಹರಿದ ಮ್ಯಾಲೆ ತಡಿಯಂಗಿಲ್ಲ. ಅದಕ್ಕ ಈ ಸಲ ಮುಂಗಡ ಬಂದಷ್ಟ ಹರಿಯೋದು, ಹಣ್ಣು ಮಾಡದ ಬಲಿತ ಕಾಯಿನ ಕೊಡೋದು.

ಹಿಂಗ ಮಾಡ್ರಿ. ಶನಿವಾರದೊಳಗ ಹೆಸರು, ಎಷ್ಟು ಬಾಕ್ಸ್, ಯಾವ ಊರಾಗ ತಗೋತೀರಿ ಅಂತ ಮೆಸೇಜ್ ಹಾಕ್ರಿ. ನಾನು ಕ್ಯೂಆರ್ ಕಳಿಸ್ತೀನಿ, ಬಾಕ್ಸಿಗೆ 100 ರೂಪಾಯಿ ಮುಂಗಡ ಹಾಕ್ರಿ. ಬ್ಯಾಡಾದ್ರ ರವಿವಾರ ಸಂಜಿ 6ರೊಳಗ ಹೇಳ್ರಿ, ಪೂರಾ ವಾಪಸ್ ಹಾಕ್ತೀನಿ. ಆಮ್ಯಾಲೆ ಆಗಂಗಿಲ್ಲ, ಯಾಕಂದ್ರ ಸೋಮವಾರ ನಸುಕಿನ್ಯಾಗ ಕೊಯ್ಲು.

ಮಂಗಳವಾರ ಮುಂಜಾನೆ 7ರಿಂದ 9 ಮಸ್ಕಿ ಹತ್ರ ತೋಟದಾಗ, 11ಕ್ಕ ಲಿಂಗಸುಗೂರು ಬಸ್‌ಸ್ಟ್ಯಾಂಡ್ ಹೊರಗ, ಸಂಜಿ 5ಕ್ಕ ಸಿಂಧನೂರು ಬಸ್‌ಸ್ಟ್ಯಾಂಡ್ ಹೊರಗ ಇರ್ತೀನಿ. ತಕ್ಕಡಿ ತರ್ತೀನಿ, ಖಾಲಿ ಬಾಕ್ಸ್ ತೂಕ ತೆಗೆದು ನಿಮ್ಮ ಕಣ್ಣ ಮುಂದ ತೂಗ್ತೀನಿ. ಉಳಿದ 350 ನನ್ನ ಬ್ಯಾಂಕಿನ ಮೆಸೇಜ್ ಬಂದ ಮ್ಯಾಲೆ ಬಾಕ್ಸ್ ಎತ್ರಿ. ನೆಟ್‌ವರ್ಕ್ ಇಲ್ಲಂದ್ರ ನಗದು ಕೊಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಸ್ಕ್ರೀನ್‌ಶಾಟ್ ನಡಿಯಂಗಿಲ್ಲ. ಮಾರೋರಿಗೆ ಇನ್ನೊಂದು ಮಾತು: ರೊಕ್ಕ ತಗೊಳ್ಳಾಕ ಪಿನ್ ಹಾಕೋದು ಬೇಕಾಗಿಲ್ಲ. ಯಾರರ ಹಾಕು ಅಂದ್ರ ಅದು ಮೋಸ.

ಮನ್ಯಾಗ ಭತ್ತದ ಒಣ ಹುಲ್ಲು ಹಾಸಿ, ತೊಟ್ಟು ಕೆಳಗ ಮಾಡಿ ಒಂದ ಸಾಲು ಇಡ್ರಿ, ಮ್ಯಾಲೆ ತೆಳ್ಳಗ ಹುಲ್ಲು ಮುಚ್ರಿ. ನಾಲ್ಕನೇ ದಿನದಿಂದ ತೆಗೆದು ನೋಡ್ರಿ, ಐದಾರು ದಿನಕ್ಕ ವಾಸನಿ ಬಂದು ಮೆತ್ತಗಾಗ್ತಾವು. ಒಮ್ಮೆಗೇ ಎಲ್ಲಾ ಹಣ್ಣಾಗಂಗಿಲ್ಲ. ಒಂದೇ ದಿನಕ್ಕ ಎಲ್ಲಾ ಒಂದೇ ಹಳದಿ ಆದ್ರ ಅದು ಕಾರ್ಬೈಡಿನ ಕೆಲಸ ಇರಬಹುದು, ನಮ್ಮಲ್ಲಿ ಅದಿಲ್ಲ.

80 ಮುಗಿದ ಕೂಡ್ಲೇ ಇಲ್ಲೇ ಹಾಕ್ತೀನಿ. ಎರಡನೇ ಕೊಯ್ಲು ಹತ್ತು ದಿನಕ್ಕ.